ಒಂದೇ ಮಳೆ, ಮೂರು ತಾಕು: ಬೆಳೆ ವಿಮೆಯ ಕಾಗದ ಏನು ಹೇಳುತ್ತದೆ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ನಮಗೆ ಮೂರು ತಾಕು ಸೇರಿ ಒಂದೂವರೆ ಎಕರೆ ಮಳೆಯಾಶ್ರಿತ ರಾಗಿ ಇದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವಿಮಾ ಕಾಗದದಲ್ಲಿ ವಿಮಾ ಮೊತ್ತ 24,000 ರೂಪಾಯಿ ಎಂದಿದೆ, ನಾವು ಕಟ್ಟಿದ್ದು 480 ರೂಪಾಯಿ. ಗುರುವಾರ ರಾತ್ರಿ ಒಂಬತ್ತರ ಸುಮಾರಿಗೆ ಹಿಡಿದ ಮಳೆಗೆ ಒಂದು ತಾಕಿನಲ್ಲಿ ಕೊಯ್ದು ಬಿಟ್ಟಿದ್ದ ರಾಗಿ ನೆಂದು ಮೊಳಕೆ ಬಂದಿದೆ, ಇನ್ನೊಂದರಲ್ಲಿ ಕೊಯ್ಯದ ಪೈರು ಮಲಗಿದೆ, ಮೂರನೆಯದರಲ್ಲಿ ಹಾಕಿದ್ದ ಮೆದೆ ನೆಂದಿದೆ. ಶುಕ್ರವಾರ ಗ್ರಾಮ ಆಡಳಿತ ಅಧಿಕಾರಿ ಬಂದು ಫೋಟೊ ತೆಗೆದುಕೊಂಡು ಹೋದರು. ಭಾನುವಾರ ಮಧ್ಯಾಹ್ನ ಸಹಾಯವಾಣಿ 14447ಕ್ಕೆ ಕರೆ ಮಾಡಿ ಹೇಳಿದೆ. ಸೋಮವಾರ ಕಚೇರಿಯೊಂದಕ್ಕೆ ಹೋದರೆ ಗಡುವು ಮುಗಿದಿದೆ ಎಂದರು. ನಮಗೆ 24,000 ಬರುತ್ತದೆಯೇ, ಇಲ್ಲವೇ?

ಉತ್ತರ: ಮೊದಲು ಗಡುವಿನ ಮಾತು. ನಿಮ್ಮ ಗಡುವು ಸೋಮವಾರದ ಹೊತ್ತಿಗೆ ಮುಗಿದಿದ್ದರೂ ಅದರೊಳಗೇ ನೀವು ಮಾಹಿತಿ ಕೊಟ್ಟಾಗಿದೆ. ಹಾನಿಯಾದ 72 ಗಂಟೆಯೊಳಗೆ ಮಾಹಿತಿ ಕೊಡಬೇಕು ಎಂಬುದು ಷರತ್ತು, ಗುರುವಾರ ರಾತ್ರಿ ಒಂಬತ್ತರಿಂದ ಎಣಿಸಿದರೆ ಅದು ಭಾನುವಾರ ರಾತ್ರಿ ಒಂಬತ್ತಕ್ಕೆ ಬಂದು ನಿಲ್ಲುತ್ತದೆ, ನಿಮ್ಮ ಕರೆ ಹೋದದ್ದು ಅದೇ ದಿನ ಮಧ್ಯಾಹ್ನ. ಆ ಕರೆಗೆ ಕೊಟ್ಟ ನೋಂದಣಿ ಸಂಖ್ಯೆ ನಿಮ್ಮ ಫೋನಿನಲ್ಲಿ ಸಂದೇಶವಾಗಿ ಬಂದಿದ್ದರೆ ಅದನ್ನು ಅಳಿಸಬೇಡಿ. ಇನ್ನು ಹಣದ ಮಾತು. 24,000 ರೂಪಾಯಿ ಪೂರ್ತಿ ಬರುವ ಸಂಭವ ತೀರ ಕಡಿಮೆ, ಏನೂ ಬರುವುದಿಲ್ಲ ಎನ್ನುವುದೂ ಸರಿಯಲ್ಲ. ಮೂರು ತಾಕಿನ ಹಾನಿಯೂ ಒಂದೇ ಮಳೆಯಿಂದ ಆಗಿದ್ದರೂ ವಿಮೆಯ ಷರತ್ತುಗಳು ಅವನ್ನು ಮೂರು ಬೇರೆ ಸಂಗತಿಗಳಾಗಿ ನೋಡುತ್ತವೆ. ನಿಮ್ಮ ಕಾಗದವನ್ನು ಓದಬೇಕಾದದ್ದೂ ಹಾಗೆಯೇ.

ವಿಮಾ ಮೊತ್ತದಿಂದ ಆರಂಭಿಸೋಣ. ನಿಮ್ಮ 24,000 ರೂಪಾಯಿ ಒಂದು ಮೊತ್ತವಾಗಿ ಕಂಡರೂ ಅದರ ಹಿಂದೆ ಮೂರು ಸಾಲುಗಳಿರುತ್ತವೆ, ಏಕೆಂದರೆ ವಿಮೆ ಬರೆಯುವುದು ಸರ್ವೆ ನಂಬರಿನ ಲೆಕ್ಕದಲ್ಲಿ. 25 ಗುಂಟೆಯ ತಾಕಿಗೆ 0.25 ಹೆಕ್ಟೇರ್, 20 ಗುಂಟೆಗೆ 0.20, 15 ಗುಂಟೆಗೆ 0.15 ಎಂದು ಬರೆದಿದ್ದರೆ ಒಟ್ಟು 0.60 ಹೆಕ್ಟೇರ್ ಆಗುತ್ತದೆ. 24,000ವನ್ನು ಅದರಿಂದ ಭಾಗಿಸಿದರೆ ಹೆಕ್ಟೇರಿಗೆ 40,000 ರೂಪಾಯಿ ಸಿಗುತ್ತದೆ. ನಿಮ್ಮ ತಾಕುಗಳ ಅಳತೆ ನೀವು ಬರೆದಿಲ್ಲವಾದ್ದರಿಂದ ಇದನ್ನು ಲೆಕ್ಕ ತೋರಿಸಲು ನಾನು ಹಿಡಿದ ಹಂಚಿಕೆ ಎಂದು ತಿಳಿಯಿರಿ, ನಿಮ್ಮ ಕಾಗದದಲ್ಲಿರುವ ಅಳತೆಯನ್ನು ಅದರ ಜಾಗದಲ್ಲಿ ಇಟ್ಟು ಗುಣಿಸಿಕೊಂಡರೆ ಸಾಕು. ನನ್ನ ಹಂಚಿಕೆಯಲ್ಲಿ ಮೊದಲನೆಯ ತಾಕಿಗೆ 10,000, ಎರಡನೆಯದಕ್ಕೆ 8,000, ಮೂರನೆಯದಕ್ಕೆ 6,000 ರೂಪಾಯಿ ವಿಮಾ ಮೊತ್ತ ಬರುತ್ತದೆ. ಮುಂದೆ ಯಾವ ತಾಕಿನ ನಷ್ಟದ ಮಾತು ಬಂದರೂ ಆ ತಾಕಿನ ಮೊತ್ತವೇ ಮಿತಿ. ಒಂದರ ನಷ್ಟವನ್ನು ಇನ್ನೊಂದರ ಮೊತ್ತದಿಂದ ತುಂಬಿಸಲು ಬರುವುದಿಲ್ಲ.

ಹೆಕ್ಟೇರಿಗೆ ಇಷ್ಟು ಎಂಬ ಈ ದರವನ್ನು ನಿಗದಿ ಮಾಡುವುದು ರೈತರೂ ಅಲ್ಲ, ಕಂಪನಿಯೂ ಅಲ್ಲ. ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಆಯಾ ಬೆಳೆಗೆ ಒಂದು ಹೆಕ್ಟೇರಿಗೆ ಎಷ್ಟು ಬೆಳೆ ಸಾಲ ಕೊಡಬಹುದೆಂದು ಗೊತ್ತುಮಾಡುತ್ತದೆ, ಬ್ಯಾಂಕಿನವರು ಅದನ್ನು ಸ್ಕೇಲ್ ಆಫ್ ಫೈನಾನ್ಸ್ ಎನ್ನುತ್ತಾರೆ. ವಿಮಾ ಮೊತ್ತ ಸಾಮಾನ್ಯವಾಗಿ ಅದಕ್ಕೆ ಸಮ. ಹಾಗಾಗಿ ಅದು ಬೇಸಾಯದ ಖರ್ಚಿಗೆ ಹತ್ತಿರವಾದ ಅಂಕಿಯೇ ಹೊರತು ನಿಮ್ಮ ರಾಗಿಗೆ ಖರೀದಿ ಕೇಂದ್ರದಲ್ಲಿ ಸಿಗಬಹುದಾಗಿದ್ದ ಬೆಲೆಯಲ್ಲ, ಹುಲ್ಲಿನ ಬೆಲೆಯಂತೂ ಅದರಲ್ಲಿ ಸೇರಿಯೇ ಇಲ್ಲ. ರಾಗಿ ಹುಲ್ಲು ಹಾಳಾದರೆ ದನ ಸಾಕಿದ ಮನೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಾದ್ದಲ್ಲ, ಆದರೆ ಈ ಕಾಗದದಲ್ಲಿ ಅದಕ್ಕೆ ಸ್ಥಾನವಿಲ್ಲ. ನೀವು ಕಟ್ಟಿದ 480 ರೂಪಾಯಿ 24,000ದ ಶೇ 2. ಮುಂಗಾರಿನ ಆಹಾರ ಧಾನ್ಯ, ದ್ವಿದಳ ಮತ್ತು ಎಣ್ಣೆಕಾಳಿಗೆ ರೈತರ ಪಾಲು ಅಷ್ಟಕ್ಕೆ ಸೀಮಿತ. ನಿಜವಾದ ಕಂತಿನ ದರ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಮೊತ್ತವನ್ನು 0.02ರಿಂದ ಗುಣಿಸಿ ನೋಡುವುದು ಒಳ್ಳೆಯ ಪರೀಕ್ಷೆಯೂ ಹೌದು, ನೀವು ಕಟ್ಟಿದ ಹಣಕ್ಕೂ ಅದಕ್ಕೂ ತಾಳೆಯಾಗದಿದ್ದರೆ ವಿಸ್ತೀರ್ಣವನ್ನೋ ಬೆಳೆಯ ಹೆಸರನ್ನೋ ತಪ್ಪಾಗಿ ನಮೂದಿಸಿರಬಹುದು.

ಬೆಳೆಯ ಹೆಸರಿನ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಗದದಲ್ಲಿ ‘ರಾಗಿ, ಮಳೆಯಾಶ್ರಿತ’ ಎಂದಿರಬೇಕು ಮತ್ತು ಪ್ರತಿ ಸಾಲಿನ ಸರ್ವೆ ನಂಬರು, ಹಿಸ್ಸಾ ಸಮೇತ, ಪಹಣಿಯಲ್ಲಿರುವಂತೆಯೇ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಮುಂಗಾರಿನಲ್ಲಿ ಮೊಬೈಲಿನಲ್ಲಿ ಮಾಡುವ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಿ. ನಮ್ಮ ರಾಜ್ಯದಲ್ಲಿ ವಿಮೆ ಮಾಡಿಸಿದ ಬೆಳೆಯನ್ನು ಈ ಸಮೀಕ್ಷೆಯ ಜೊತೆ ಹೋಲಿಸಿ ನೋಡುತ್ತಾರೆ. ಸಾಲಿನಲ್ಲಿ ಅವರೆ, ತೊಗರಿ ಅಕ್ಕಡಿ ಹಾಕಿದ ಹೊಲವನ್ನು ಸಮೀಕ್ಷೆಗೆ ಬಂದವರು ಅವರೆ ಎಂದು ಬರೆದುಕೊಂಡು ಹೋಗಿದ್ದರೆ, ರಾಗಿಗೆ ಮಾಡಿಸಿದ ವಿಮೆ ತಾಳೆಯಾಗದೆ ತಡೆಹಿಡಿದು ನಿಲ್ಲುತ್ತದೆ. ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಇದ್ದಾಗಲೇ ಸರಿಪಡಿಸಿಕೊಳ್ಳಬೇಕಾದ ವಿಷಯವಿದು.

ಈಗ ನಿಮ್ಮ ಪ್ರಶ್ನೆಯ ತಿರುಳಾದ ಅಪಾಯಗಳ ಪಟ್ಟಿಗೆ ಬರೋಣ. ಕಾಗದದ ಹಿಂಬದಿಯಲ್ಲೋ ಅಧಿಸೂಚನೆಯಲ್ಲೋ ಬರ, ಒಣಹವೆ, ನೆರೆ, ಮುಳುಗಡೆ, ಕೀಟ ಮತ್ತು ರೋಗ, ಬಿರುಗಾಳಿ, ಆಲಿಕಲ್ಲು, ಭೂಕುಸಿತ, ಸಿಡಿಲಿನ ಬೆಂಕಿ ಎಂದು ಒಂದು ಉದ್ದ ಸಾಲು ಇರುತ್ತದೆ. ಅದನ್ನು ಓದಿದವರು, ಇಷ್ಟೆಲ್ಲ ಇದೆಯಲ್ಲ, ನಮ್ಮ ಹೊಲದಲ್ಲಿ ಇದರಲ್ಲಿ ಯಾವುದೇ ಆದರೂ ನಮಗೆ ಹಣ ಬರುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಆ ಉದ್ದ ಸಾಲು ಹೇಳುವುದು ಇಡೀ ವಿಮಾ ಘಟಕದ ಸರಾಸರಿ ಇಳುವರಿ ಯಾವ ಕಾರಣಗಳಿಂದ ಬಿದ್ದರೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು. ನಮ್ಮಲ್ಲಿ ಪ್ರಮುಖ ಬೆಳೆಗೆ ವಿಮಾ ಘಟಕ ಗ್ರಾಮ ಪಂಚಾಯಿತಿ, ಉಳಿದ ಬೆಳೆಗಳಿಗೆ ಹೋಬಳಿ. ಪಂಚಾಯಿತಿಯ ಸರಾಸರಿ ಬೀಳದೆ ನಿಮ್ಮ ಒಬ್ಬರ ಹೊಲ ಮಾತ್ರ ಹಾಳಾದರೆ ಆ ಉದ್ದ ಸಾಲಿನಿಂದ ನಿಮಗೆ ಏನೂ ಬರುವುದಿಲ್ಲ.

ನಿಮ್ಮ ಸ್ವಂತ ಹೊಲವನ್ನೇ ನೋಡಿ ಹಣ ಕೊಡುವ ಸಾಲುಗಳು ಎರಡೇ, ಎರಡೂ ಗಿಡ್ಡ. ಮೊದಲನೆಯದು ಸ್ಥಳೀಯ ಪ್ರಕೃತಿ ವಿಕೋಪ: ಆಲಿಕಲ್ಲು ಮಳೆ, ಭೂಕುಸಿತ, ಬೆಳೆ ಮುಳುಗಡೆ, ಮೇಘಸ್ಫೋಟ, ಸಿಡಿಲಿನಿಂದ ಹೊತ್ತಿದ ಬೆಂಕಿ. ಇದು ನಿಂತ ಪೈರಿಗೆ. ಎರಡನೆಯದು ಕಟಾವಿನ ನಂತರದ ನಷ್ಟ: ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಕಟಾವಾದ ದಿನದಿಂದ 14 ದಿನದೊಳಗೆ ಆಲಿಕಲ್ಲು, ಚಂಡಮಾರುತ, ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ. ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ‘ಅಕಾಲಿಕ ಮಳೆ’ ಎಂಬುದು ಎರಡನೆಯದರಲ್ಲಿ ಇದೆ, ಮೊದಲನೆಯದರಲ್ಲಿ ಇಲ್ಲ. ನಿಮ್ಮ ಮೂರು ತಾಕಿನ ಹಣೆಬರಹ ನಿಂತಿರುವುದು ಅದರ ಮೇಲೆ.

ಮೊದಲನೆಯ ತಾಕಿನಲ್ಲಿ ನೀವು ಕೊಯ್ದು ಅರಿ ಬಿಟ್ಟಿದ್ದಿರಿ. ಅರಿಯಾಗಿ ಹರಡಿದ್ದರೂ, ಸಣ್ಣ ಕಂತೆ ಕಟ್ಟಿ ಹೊಲದಲ್ಲೇ ಒಣಗಲು ಇಟ್ಟಿದ್ದರೂ ಷರತ್ತಿಗೆ ಹೊಂದುತ್ತದೆ. ಕೊಯ್ಲಾಗಿ 14 ದಿನ ಕಳೆದಿರದಿದ್ದರೆ ಈ ತಾಕಿನ ನಷ್ಟ ನಿಮ್ಮ ಹೊಲದ ಮೇಲೆಯೇ ಲೆಕ್ಕವಾಗುತ್ತದೆ. ಇಲ್ಲಿ ಕಂಪನಿಯವರು ಕೇಳುವ ಪ್ರಶ್ನೆ ಕೊಯ್ಲು ಯಾವ ದಿನ ಆಯಿತು ಎಂಬುದು, ಬಾಯಿಮಾತಿಗಿಂತ ಬೇರೆ ಗುರುತು ಇದ್ದರೆ ಒಳ್ಳೆಯದು. ಕೊಯ್ಲಿನ ದಿನ ತೆಗೆದ ಫೋಟೊ, ಯಂತ್ರದವರಿಗೆ ಫೋನ್‌ನಲ್ಲಿ ಹಣ ಕಳಿಸಿದ ದಾಖಲೆ, ಕೂಲಿ ಬರೆದಿಟ್ಟ ಪುಸ್ತಕ, ಯಾವುದಾದರೂ ಸರಿ. ಮಳೆ ‘ಅಕಾಲಿಕ’ವೇ ಎಂಬ ತಕರಾರೂ ಬರಬಹುದು, ಏಕೆಂದರೆ ಹಿಂಗಾರಿನ ಮಳೆ ನಮ್ಮ ಜಿಲ್ಲೆಗೆ ಹೊಸದಲ್ಲ. ಅದಕ್ಕೆ ಉತ್ತರ ಅಂಕಿಯಲ್ಲಿದೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿ ಆ ರಾತ್ರಿ ದಾಖಲಾದ ಪ್ರಮಾಣ ಮತ್ತು ಮರುದಿನದ ಪತ್ರಿಕೆಯ ವರದಿ. ಸ್ಥಳೀಯ ಪತ್ರಿಕೆಯ ತುಣುಕನ್ನು ಘಟನೆ ನಡೆದದ್ದಕ್ಕೆ ಪುರಾವೆಯಾಗಿ ಯೋಜನೆಯ ಮಾರ್ಗಸೂಚಿಯೇ ಒಪ್ಪುತ್ತದೆ, ಆದ್ದರಿಂದ ಅದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಎರಡನೆಯ ತಾಕಿನ ಪೈರು ಕೊಯ್ಯದೆ ನಿಂತಿತ್ತು, ಮಳೆಗೆ ಮಲಗಿತು. ಹೊಲದಲ್ಲಿ ನೀರು ನಿಂತು ಬೆಳೆ ಮುಳುಗಿದ್ದರೆ ಅದು ಮುಳುಗಡೆ. ಬರೀ ಮಲಗಿದ್ದರೆ ಅದಕ್ಕೆ ಮೇಲಿನ ಐದು ಕಾರಣಗಳಲ್ಲಿ ಯಾವುದೂ ಹೊಂದುವುದಿಲ್ಲ. ತುಮಕೂರಿನ ಇಳಿಜಾರು ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗಿ ಅಥವಾ ಹರಿದು ಹೋಗುತ್ತದೆ. ಕೆರೆಯ ಹಿಂಭಾಗದ ಹೊಲವೋ ಹಳ್ಳದ ಪಕ್ಕದ ತಗ್ಗೋ ಆಗಿದ್ದರೆ ಮಾತ್ರ ಮುಳುಗಡೆಯ ಮಾತು ನಿಲ್ಲುತ್ತದೆ. ನೀರು ನಿಲ್ಲದ ಹೊಲಕ್ಕೆ ಮುಳುಗಡೆ ಎಂದು ಬರೆಸಿ ಎಂದು ಸಲಹೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ತಪಾಸಣೆಗೆ ಬಂದವರಿಗೆ ಕಾಂಡದ ಮೇಲೆ ಕೆಸರಿನ ಗೆರೆ ಇಲ್ಲದ್ದು, ಬದುವಿನ ಬುಡದಲ್ಲಿ ಮೆಕ್ಕಲು ಇಲ್ಲದ್ದು ತಕ್ಷಣ ಕಾಣುತ್ತದೆ, ಆಮೇಲೆ ನಿಮ್ಮ ಮೊದಲನೆಯ ತಾಕಿನ ನಿಜವಾದ ನಷ್ಟವನ್ನೂ ಅನುಮಾನದಿಂದಲೇ ನೋಡುತ್ತಾರೆ. ಈ ತಾಕಿಗೆ ನಿಮಗೆ ಉಳಿದಿರುವುದು ಪಂಚಾಯಿತಿ ಸರಾಸರಿಯ ದಾರಿ.

ಮೂರನೆಯ ತಾಕಿನದು ಇನ್ನೂ ಕಷ್ಟ. ಕಂತೆಗಳನ್ನು ಒಂದೆಡೆ ಸೇರಿಸಿ ಮೆದೆ ಹಾಕಿದ ಮೇಲೆ, ಒಕ್ಕಣೆ ಆಗಿರಲಿ ಬಿಡಲಿ, ಕಟಾವಿನ ನಂತರದ ರಕ್ಷಣೆ ಕೊನೆಗೊಳ್ಳುತ್ತದೆ. ಮೆದೆ ನೆನೆದರೂ ಇಲ್ಲ, ಮೆದೆಗೆ ಬೆಂಕಿ ಬಿದ್ದರೂ ಇಲ್ಲ. ಮೋಡ ಕಂಡು ಎಚ್ಚರದಿಂದ ಮೆದೆ ಹಾಕಿದ ರೈತ ರಕ್ಷಣೆ ಕಳೆದುಕೊಂಡು, ಅರಿಯನ್ನು ಹಾಗೇ ಬಿಟ್ಟವನು ಉಳಿಸಿಕೊಳ್ಳುವುದು ನನಗೆ ನ್ಯಾಯವೆಂದು ಕಾಣುವುದಿಲ್ಲ, ಆದರೂ ಷರತ್ತು ಇರುವುದು ಹಾಗೆ. ಹಾಗೆಂದು ವಿಮೆಯ ಆಸೆಗೆ ಅರಿಯನ್ನು ಮಳೆಗೆ ಬಿಡಬೇಡಿ. ಕಾಳು ಉಳಿಸಿಕೊಂಡವನಿಗೆ ಸಿಗುವಷ್ಟನ್ನು ಈ ವಿಮೆ ಎಂದೂ ಕೊಡುವುದಿಲ್ಲ.

ಕಾಡುಹಂದಿಯ ಕಾಟವಿರುವ ಊರುಗಳಿಂದ ಪದೇ ಪದೇ ಬರುವ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಕಾಡುಪ್ರಾಣಿಗಳ ದಾಳಿ ಹಿಂದಿನ ಪಟ್ಟಿಯಲ್ಲಿರಲಿಲ್ಲ. 2026ರ ಮುಂಗಾರಿನಿಂದ ಅದನ್ನು ಸ್ಥಳೀಯ ಅಪಾಯಗಳ ಜೊತೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಅಧಿಸೂಚಿಸಬೇಕು, ಆದ್ದರಿಂದ ಆಯಾ ಹಂಗಾಮಿನ ಕಾಗದದಲ್ಲಿ ಅದು ಇದೆಯೇ ಎಂದು ನೋಡಿಯೇ ನಂಬಬೇಕು.

ಇನ್ನು 72 ಗಂಟೆಯ ವಿಷಯ. ಇದು ಕೆಲಸದ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಭಾನುವಾರವೂ ಹಬ್ಬವೂ ಅದರಲ್ಲಿ ಸೇರುತ್ತವೆ. ಎಣಿಕೆ ಶುರುವಾಗುವುದು ಹಾನಿ ಮಾಡಿದ ಘಟನೆಯಿಂದ, ಮಳೆ ನಿಂತ ಮೇಲೆ ನೀವು ಹೊಲಕ್ಕೆ ಹೋಗಿ ನೋಡಿದ ಹೊತ್ತಿನಿಂದಲ್ಲ. ಜಡಿಮಳೆ ಮೂರು ನಾಲ್ಕು ದಿನ ಹಿಡಿದಾಗ ರೈತರು ನಿಂತ ಮೇಲೆ ಹೇಳೋಣ ಎಂದು ಕಾಯುತ್ತಾರೆ, ಅಷ್ಟರಲ್ಲಿ ಮೊದಲ ರಾತ್ರಿಯಿಂದ ಎಣಿಸಿದ ಗಡುವು ದಾಟಿರುತ್ತದೆ. ಆದ್ದರಿಂದ ಅರಿ ನೆನೆದದ್ದು ಗೊತ್ತಾದ ಕೂಡಲೇ, ಕಾಳು ಮೊಳೆಯುವುದನ್ನು ಕಾಯದೆ, ಮಾಹಿತಿ ಕೊಡಬೇಕು. ಕೊಡುವಾಗ ನಷ್ಟದ ಪ್ರಮಾಣ ಗೊತ್ತಿರಬೇಕಾಗಿಲ್ಲ, ಅದನ್ನು ನೋಡಲು ಬರುವವರು ಬೇರೆ.

ಯಾರಿಗೆ ಹೇಳಿದರೆ ಹೇಳಿದಂತಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. 14447 ಸಹಾಯವಾಣಿ, ಬೆಳೆ ವಿಮೆಯ ಮೊಬೈಲ್ ಆ್ಯಪ್, ವಿಮಾ ಕಂಪನಿ, ಕಂತು ಕಟ್ಟಿದ ಬ್ಯಾಂಕ್, ಕೃಷಿ ಇಲಾಖೆಯ ಅಧಿಕಾರಿ, ಇವರಲ್ಲಿ ಯಾರಿಗೆ ತಿಳಿಸಿದರೂ ಸಲ್ಲುತ್ತದೆ. ಶುಕ್ರವಾರ ಗ್ರಾಮ ಆಡಳಿತ ಅಧಿಕಾರಿ ತೆಗೆದುಕೊಂಡು ಹೋದ ಫೋಟೊ ಮಾತ್ರ ವಿಮೆಗೆ ಸಂಬಂಧಪಟ್ಟದ್ದಲ್ಲ. ಅವರು ಬರೆದುಕೊಂಡದ್ದು ಸರ್ಕಾರದ ಬೆಳೆ ಪರಿಹಾರಕ್ಕೆ, ಅಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿದೆಯೇ ಎಂದು ನೋಡುತ್ತಾರೆ, ಅದರ ಹಣ ಬೇರೆ ಖಾತೆಯದು, ಆ ಕಡತ ವಿಮಾ ಕಂಪನಿಗೆ ಹೋಗುವುದೇ ಇಲ್ಲ. ‘ಸಾಹೇಬ್ರು ಬಂದು ನೋಡ್ಕೊಂಡು ಹೋದ್ರಲ್ಲ’ ಎಂದು ಸುಮ್ಮನಾಗಿ ವಿಮೆ ಕಳೆದುಕೊಂಡವರನ್ನು ನಾನು ಪ್ರತಿ ಹಿಂಗಾರಿನಲ್ಲೂ ಕಾಣುತ್ತೇನೆ. ನೀವು ಭಾನುವಾರ ಕರೆ ಮಾಡಿದ್ದೇ ನಿಮ್ಮನ್ನು ಉಳಿಸಿದ್ದು.

ಆ ಕರೆಯಲ್ಲಿ ಏನು ದಾಖಲಾಗಿದೆ ಎಂಬುದನ್ನು ಈಗಲೇ ತಿಳಿದುಕೊಳ್ಳಿ. ಅವರು ಕೇಳುವುದು ವಿಮೆಯ ಅರ್ಜಿ ಸಂಖ್ಯೆ, ಸರ್ವೆ ನಂಬರು, ಬೆಳೆ, ಹಾನಿಯಾದ ವಿಸ್ತೀರ್ಣ, ಕಾರಣ, ಮತ್ತು ಘಟನೆಯ ವೇಳೆಗೆ ಬೆಳೆ ಯಾವ ಸ್ಥಿತಿಯಲ್ಲಿತ್ತು ಎಂಬುದು. ಕೊನೆಯ ಎರಡರಲ್ಲಿಯೇ ಎಡವಟ್ಟಾಗುವುದು. ‘ಮಳೆಗೆ ರಾಗಿ ಹೋಯ್ತು’ ಎಂದಷ್ಟೇ ಹೇಳಿದರೆ ಎದುರಿನವರು ನಿಂತ ಬೆಳೆ ಎಂದು ಗುರುತು ಮಾಡಿರಬಹುದು, ಆಗ ನಿಮ್ಮ ಮೊದಲನೆಯ ತಾಕು ಕೂಡ ಎರಡನೆಯದರ ಗುಂಪಿಗೆ ಸೇರಿ ತಿರಸ್ಕೃತವಾಗುತ್ತದೆ. ಮತ್ತೆ ಅದೇ ಸಂಖ್ಯೆಗೆ ಕರೆ ಮಾಡಿ, ನಿಮ್ಮ ನೋಂದಣಿ ಸಂಖ್ಯೆ ಹೇಳಿ, ‘ಕೊಯ್ದು ಒಣಗಲು ಹರಡಿದ್ದ ಬೆಳೆ, ಅಕಾಲಿಕ ಮಳೆ, ಇಂಥ ಸರ್ವೆ ನಂಬರು, ಇಷ್ಟು ಗುಂಟೆ’ ಎಂದು ಇದೆಯೇ ಎಂದು ಓದಿಸಿ ಕೇಳಿ. ಇಲ್ಲದಿದ್ದರೆ ತಿದ್ದಿಸಿ.

ಸೋಮವಾರ ನಿಮ್ಮನ್ನು ವಾಪಸು ಕಳಿಸಿದವರಿಗೆ ಹೇಳಬೇಕಾದದ್ದು ಇನ್ನೊಂದಿದೆ. 72 ಗಂಟೆಯೊಳಗೆ ಕೊಡಬೇಕಾದದ್ದು ಮಾಹಿತಿ, ಎಲ್ಲ ಕಾಲಂ ತುಂಬಿದ ಅರ್ಜಿಯಲ್ಲ. ಅರೆಬರೆ ವಿವರದೊಂದಿಗೆ ಮಾಹಿತಿ ಕೊಟ್ಟು, ಪೂರ್ತಿ ತುಂಬಿದ ನಮೂನೆಯನ್ನು ನಷ್ಟವಾದ ದಿನದಿಂದ 7 ದಿನದೊಳಗೆ ಸಲ್ಲಿಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ನಿಮ್ಮ ಲೆಕ್ಕದಲ್ಲಿ ಅದು ಮುಂದಿನ ಗುರುವಾರದವರೆಗೆ. ಈ ಉತ್ತರ ನಿಮ್ಮ ಕೈಸೇರುವಾಗ ಆ ದಿನ ಬಾಕಿಯಿದ್ದರೆ ಅರ್ಜಿಯನ್ನು ಭರ್ತಿ ಮಾಡಿ, ಕರೆಯ ನೋಂದಣಿ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆದು, ಪಹಣಿ, ವಿಮೆಯ ರಸೀದಿ ಮತ್ತು ಫೋಟೊಗಳೊಂದಿಗೆ ರೈತ ಸಂಪರ್ಕ ಕೇಂದ್ರದಲ್ಲೋ ಬ್ಯಾಂಕಿನಲ್ಲೋ ಕೊಟ್ಟು, ನಕಲಿನ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳಿ. ಯಾರಾದರೂ ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ತಪಾಸಣೆಯ ಕ್ರಮ ಹೀಗಿದೆ. ಮಾಹಿತಿ ತಲುಪಿದ 48 ಗಂಟೆಯೊಳಗೆ ಕಂಪನಿ ನಷ್ಟ ಅಂದಾಜುದಾರರನ್ನು ನೇಮಿಸಬೇಕು, 10 ದಿನದೊಳಗೆ ಅಂದಾಜು ಮುಗಿಯಬೇಕು. ಅಂದಾಜುದಾರರು, ಕೃಷಿ ಇಲಾಖೆಯವರು ಮತ್ತು ರೈತ ಮೂವರೂ ಹೊಲದಲ್ಲಿದ್ದು ವರದಿಗೆ ಸಹಿ ಮಾಡುವುದು ಪದ್ಧತಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ, ಶೇಕಡಾವಾರು ನಷ್ಟದ ಜಾಗದಲ್ಲಿ ಅಂಕಿ ಬರೆದ ಮೇಲೆಯೇ ಸಹಿ ಮಾಡಿ, ಆ ಪುಟದ ಫೋಟೊ ತೆಗೆದುಕೊಳ್ಳಿ. ಅವರು ಬರುವವರೆಗೆ ನೆಂದ ಅರಿಯನ್ನು ಮುಟ್ಟದೆ ಬಿಟ್ಟರೆ ಇರುವುದೂ ಕೊಳೆಯುತ್ತದೆ. ನನ್ನ ಸಲಹೆ ಏನೆಂದರೆ ಮೊದಲು ಸ್ಥಳದ ಗುರುತು ಬರುವಂತೆ ಫೋಟೊ ತೆಗೆಯಿರಿ, ಒಂದು ದೂರದಿಂದ, ಇನ್ನೊಂದು ತೆನೆಯ ಮೊಳಕೆ ಕಾಣುವಷ್ಟು ಹತ್ತಿರದಿಂದ. ಆಮೇಲೆ ಅಂದಾಜುದಾರರಿಗೆ ಫೋನಿನಲ್ಲಿ ತಿಳಿಸಿ ಅರಿಯನ್ನು ಮಗುಚಿ ಹಾಕಿ, ಹೊಲದ ನಡುವೆ ಎರಡು ಮೂರು ಸಾಲನ್ನು ಮಾತ್ರ ಹಾಗೇ ಉಳಿಸಿ. ಅರಿಯ ಮೇಲ್ಪದರ ಒಣಗಿದಂತೆ ಕಂಡು ಕೆಳಗಿನದು ಕಪ್ಪಾಗಿರುತ್ತದೆ, ಮಗುಚಿ ತೋರಿಸದಿದ್ದರೆ ನೋಡಲು ಬಂದವರ ಕಣ್ಣಿಗೆ ಬೀಳುವುದು ಮೇಲಿನದಷ್ಟೇ.

ಈಗ ಲೆಕ್ಕ. ಮೊದಲನೆಯ ತಾಕಿನ ನಷ್ಟ ಶೇ 50 ಎಂದು ಬರೆದರೆ, ಆ ತಾಕಿನ 10,000ಕ್ಕೆ 5,000 ರೂಪಾಯಿ. ಉಳಿದ ಎರಡು ತಾಕುಗಳು ಕಾಯಬೇಕಾದದ್ದು ಪಂಚಾಯಿತಿಯ ಇಳುವರಿಗೆ. ಇದಕ್ಕೆ ನೀವು ಯಾವ ಅರ್ಜಿಯನ್ನೂ ಕೊಡಬೇಕಾಗಿಲ್ಲ, 72 ಗಂಟೆಯ ಮಾತೂ ಇಲ್ಲ. ಪಂಚಾಯಿತಿಯಲ್ಲಿ ಪ್ರಮುಖ ಬೆಳೆಗೆ 4 ಬೆಳೆ ಕಟಾವು ಪ್ರಯೋಗ ಮಾಡಿ, ಆರಿಸಿದ ಹೊಲದಲ್ಲಿ ಗುರುತು ಮಾಡಿದ ಚೌಕದ ಬೆಳೆಯನ್ನು ಕೊಯ್ದು, ಒಕ್ಕಿ, ತೂಗಿ ಸರಾಸರಿ ತೆಗೆಯುತ್ತಾರೆ. ಅದನ್ನು ಹೋಲಿಸುವುದು ಖಾತರಿ ಇಳುವರಿಯ ಜೊತೆ: ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಅಧಿಸೂಚನೆಯಲ್ಲಿ ಹೇಳಿದ ನಷ್ಟಭರ್ತಿ ಮಟ್ಟದಿಂದ ಗುಣಿಸಿದರೆ ಬರುವ ಅಂಕಿ ಅದು. ಉದಾಹರಣೆಗೆ ಆ ಸರಾಸರಿ ಹೆಕ್ಟೇರಿಗೆ 1,500 ಕಿಲೊ ಇದ್ದು ಮಟ್ಟ ಶೇ 80 ಆದರೆ ಖಾತರಿ ಇಳುವರಿ 1,200 ಕಿಲೊ. ಈ ವರ್ಷ 900 ಬಂದರೆ ಕೊರತೆ 300, ಅಂದರೆ 1,200ರ ಶೇ 25. ಆಗ ಎರಡನೆಯ ತಾಕಿನ 8,000ಕ್ಕೆ 2,000, ಮೂರನೆಯದರ 6,000ಕ್ಕೆ 1,500 ರೂಪಾಯಿ. ಈ ವರ್ಷದ ಸರಾಸರಿ 1,250 ಬಂದರೆ ಸೊನ್ನೆ, ನಿಮ್ಮ ಪೈರು ನೆಲಕ್ಕೆ ಮಲಗಿದ್ದರೂ ಸೊನ್ನೆ.

ಮೊದಲನೆಯ ತಾಕಿಗೂ ಈ ಲೆಕ್ಕ ಅನ್ವಯಿಸುತ್ತದೆ, ಆದರೆ ಎರಡೂ ಕೂಡಿ ಅಲ್ಲ, ಎರಡರಲ್ಲಿ ಹೆಚ್ಚಿನದು. ಪಂಚಾಯಿತಿ ಲೆಕ್ಕದಲ್ಲಿ ಅದಕ್ಕೆ 2,500 ಬಂದರೆ ನೀವು ಆಗಲೇ ಪಡೆದ 5,000 ಉಳಿಯುತ್ತದೆ, ಹಿಂದಿರುಗಿಸಬೇಕಿಲ್ಲ. ಪಂಚಾಯಿತಿಯ ಕೊರತೆ ಶೇ 60 ಆಗಿ 6,000 ಬಂದರೆ ವ್ಯತ್ಯಾಸದ 1,000 ಸೇರಿಸಿ ಕೊಡುತ್ತಾರೆ. ಹೀಗೆ ನನ್ನ ಉದಾಹರಣೆಯ ಅಂಕಿಗಳು ನಿಜವಾದರೆ ನಿಮ್ಮ 24,000ಕ್ಕೆ ಒಟ್ಟು 8,500 ರೂಪಾಯಿ ಬರುತ್ತದೆ.

ಪಂಚಾಯಿತಿ ಲೆಕ್ಕದ ಒಂದು ಮಿತಿಯನ್ನು ತಿಳಿದಿದ್ದರೆ ಮುಂದೆ ಆಶ್ಚರ್ಯವಾಗುವುದಿಲ್ಲ. ಅಲ್ಲಿ ತೂಗುವುದು ಕಾಳಿನ ತೂಕ. ಕಪ್ಪಾದ, ಮುಗ್ಗಿದ ರಾಗಿ ಬೆಲೆಯಲ್ಲಿ ಅರ್ಧಕ್ಕೆ ಇಳಿದರೂ ತಕ್ಕಡಿಯಲ್ಲಿ ಹೆಚ್ಚು ಇಳಿಯುವುದಿಲ್ಲ. ಪ್ರಯೋಗದ ಹೊಲಗಳು ಮಳೆಗೆ ಮೊದಲೇ ಕೊಯ್ಲಾಗಿದ್ದರಂತೂ ಆ ಮಳೆಯ ಸುಳಿವೂ ಸರಾಸರಿಯಲ್ಲಿ ಇರುವುದಿಲ್ಲ. ಹಿಂಗಾರಿನ ಕೊನೆಯ ಮಳೆಗೆ ಊರೆಲ್ಲ ನಷ್ಟ ಅನುಭವಿಸಿದ ವರ್ಷವೂ ಪಂಚಾಯಿತಿ ಲೆಕ್ಕದಲ್ಲಿ ಹಣ ಬಾರದಿರುವುದಕ್ಕೆ ಬಹಳ ಸಲ ಕಾರಣ ಇದೇ. ಅರಿ ಬಿಟ್ಟ ಹೊಲದವರೆಲ್ಲ ತಮ್ಮ ತಮ್ಮ ಸರ್ವೆ ನಂಬರಿಗೆ ಬೇರೆ ಬೇರೆಯಾಗಿ ಮಾಹಿತಿ ಕೊಡಬೇಕು ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ.

ತುಮಕೂರಿನ ಓದುಗರಲ್ಲಿ ಅಡಿಕೆಗೆ, ಕೋಲಾರದವರಲ್ಲಿ ಮಾವಿಗೆ ವಿಮೆ ಮಾಡಿಸಿದವರು ಇದನ್ನು ತಮ್ಮ ಕಾಗದಕ್ಕೆ ಹೊಂದಿಸಿಕೊಳ್ಳಬಾರದು. ಅವು ಹವಾಮಾನ ಆಧಾರಿತ ವಿಮೆಯವು, ಅಲ್ಲಿ ಮಳೆ, ಉಷ್ಣಾಂಶ ಮುಂತಾದವುಗಳ ದಾಖಲೆಯೇ ಹಣವನ್ನು ನಿರ್ಧರಿಸುತ್ತದೆ, ಮೇಲಿನ ಮೂರು ತಾಕಿನ ವಿಂಗಡಣೆ ಅಲ್ಲಿಲ್ಲ.

ನಿಮ್ಮ ಮೊದಲನೆಯ ತಾಕಿನ ಬೇಡಿಕೆಯನ್ನು ಗಡುವಿನ ಕಾರಣಕ್ಕೆ ತಿರಸ್ಕರಿಸಿದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪದೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನೂ ಭಾನುವಾರದ ಕರೆಯ ನೋಂದಣಿ ಸಂಖ್ಯೆಯನ್ನೂ ಇಟ್ಟು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಬಹುದು. ದೂರನ್ನು ಮೊದಲನೆಯ ತಾಕಿಗೆ ಮಾತ್ರ ಸೀಮಿತಗೊಳಿಸಿ. ಮಲಗಿದ ಪೈರನ್ನೂ ಮೆದೆಯನ್ನೂ ಅದರಲ್ಲಿ ಸೇರಿಸಿದರೆ ಸಮಿತಿಯ ಮುಂದೆ ಕಂಪನಿಯವರು ಮೊದಲು ಎತ್ತಿ ತೋರಿಸುವುದು ಆ ಎರಡನ್ನೇ. ಅವೆರಡರ ಹಣ ಪಂಚಾಯಿತಿಯ ಇಳುವರಿ ಅಂಕಿ ಅಂತಿಮವಾದ ಮೇಲೆ ಬರಬೇಕಾದದ್ದು, ಹಂಗಾಮು ಮುಗಿದು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅರ್ಜಿ ಸಂಖ್ಯೆ ಹಾಕಿ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಸ್ಥಿತಿಯನ್ನು ಆಗಾಗ ನೋಡುತ್ತಿರಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ ಎಂದೂ ವಿಚಾರಿಸಿಟ್ಟುಕೊಳ್ಳಿ.